ಪೆನ್ಷನ್ ದುಡ್ಡು ತೆಗೆಯುವ ಮುನ್ನ: ಗಾರ್ಮೆಂಟ್ಸ್ ಅಕ್ಕತಂಗಿಯರಿಗೆ ಒಂದು ಬಹಿರಂಗ ಪತ್ರ

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರ, ಮದ್ದೂರು, ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ, ದುಡಿದು ಬಿಟ್ಟಿರುವ ಅಕ್ಕತಂಗಿಯರೇ,

ಕೆಲಸ ಬಿಟ್ಟ ಮೇಲೆ ನೀವು ಪಿಎಫ್ ಅರ್ಜಿ ತುಂಬಿಸಲು ಬರುತ್ತೀರಿ. ನಿಮ್ಮಲ್ಲಿ ಬಹುತೇಕರು ಹೇಳುವ ಮಾತು ಒಂದೇ: "ಎಲ್ಲಾ ತೆಗೆದುಬಿಡಿ ಸಾರ್, ಪೆನ್ಷನ್ ದುಡ್ಡೂ ಸೇರಿಸಿ." ಅರ್ಜಿ ತುಂಬಿಕೊಡುವ ಕೆಲಸವನ್ನು ವರ್ಷಗಳಿಂದ ಮಾಡಿಕೊಂಡು ಬಂದವನಾಗಿ ಈ ಪತ್ರ ಬರೆಯುತ್ತಿದ್ದೇನೆ. ಪಿಎಫ್ ದುಡ್ಡಿನ ಬಗ್ಗೆ ನನ್ನದೇನೂ ತಕರಾರಿಲ್ಲ. 2016ರ ಏಪ್ರಿಲ್‌ನಲ್ಲಿ ನೀವು ಬೆಂಗಳೂರಿನ ರಸ್ತೆಗಿಳಿದದ್ದು ಆ ದುಡ್ಡಿಗಾಗಿಯೇ. ಮಾಲೀಕರ ಪಾಲನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂದು ಕೇಂದ್ರ ಸರ್ಕಾರ ಹೊರಡಿಸಿದ್ದ ಅಧಿಸೂಚನೆಯನ್ನು ನೀವೇ ವಾಪಸ್ ತೆಗೆಸಿದಿರಿ. ಕಷ್ಟಕ್ಕೆ ಆಗದ ದುಡ್ಡು ಯಾತಕ್ಕೆ ಎಂಬ ನಿಮ್ಮ ಅಂದಿನ ಪ್ರಶ್ನೆ ಇಂದಿಗೂ ಸರಿಯೇ. ನಾನು ಹೇಳಹೊರಟಿರುವುದು ಅದರ ಪಕ್ಕದಲ್ಲಿರುವ ಇನ್ನೊಂದು ಗಂಟಿನ ವಿಷಯ. ಅದನ್ನು ತೆಗೆಯಬೇಕೋ ಬಿಡಬೇಕೋ ಎನ್ನುವುದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ.

ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 12,000 ರೂಪಾಯಿ ಎಂದುಕೊಳ್ಳಿ. ನಿಮ್ಮ ಸಂಬಳದಿಂದ ಶೇ 12, ಅಂದರೆ 1,440 ರೂಪಾಯಿ ಮುರಿದುಕೊಳ್ಳುತ್ತಾರೆ. ಅದು ಪೂರ್ತಿಯಾಗಿ ಪಿಎಫ್ ಖಾತೆಗೆ ಹೋಗುತ್ತದೆ. ಮಾಲೀಕರೂ ಅಷ್ಟೇ ಕಟ್ಟಬೇಕು. ಆದರೆ ಅವರ 1,440ರಲ್ಲಿ ಸುಮಾರು 1,000 ರೂಪಾಯಿ, ಅಂದರೆ ಶೇ 8.33, ಪಿಂಚಣಿ ನಿಧಿಗೆ ಹೋಗುತ್ತದೆ. ಉಳಿದ 440 ಮಾತ್ರ ನಿಮ್ಮ ಪಿಎಫ್‌ಗೆ ಸೇರುತ್ತದೆ. ಪಾಸ್‌ಬುಕ್‌ನಲ್ಲಿ ಪೆನ್ಷನ್ ಎಂದು ಬೇರೆ ಕಲಂ ಇರುವುದು ಇದಕ್ಕೇ. ಪಿಎಫ್ ಕಲಂಗಳಿಗೆ ಪ್ರತಿ ವರ್ಷ ಬಡ್ಡಿ ಬೀಳುತ್ತದೆ, ಪೆನ್ಷನ್ ಕಲಂಗೆ ಬೀಳುವುದಿಲ್ಲ. ಅದು ನಿಮ್ಮ ಹೆಸರಿನ ಉಳಿತಾಯ ಖಾತೆ ಅಲ್ಲ. ಎಲ್ಲರ ದುಡ್ಡೂ ಒಟ್ಟಿಗೆ ಸೇರಿರುವ ನಿಧಿ. 1995ರ ನೌಕರರ ಪಿಂಚಣಿ ಯೋಜನೆಯಡಿ ಆ ನಿಧಿ ನಿಮಗೆ ಲೆಕ್ಕ ಇಡುವುದು ರೂಪಾಯಿಯಲ್ಲಿ ಅಲ್ಲ, ನೀವು ದುಡಿದ ವರ್ಷಗಳಲ್ಲಿ.

10 ವರ್ಷ ಸರ್ವಿಸ್ ಆದರೆ 58ನೇ ವಯಸ್ಸಿನಿಂದ ಸಾಯುವ ತನಕ ತಿಂಗಳ ಪಿಂಚಣಿ ಸಿಗುತ್ತದೆ. ಆಗದಿದ್ದರೆ ಎರಡು ದಾರಿ. ಒಂದು, 10ಸಿ ನಮೂನೆ ಹಾಕಿ ಒಂದೇ ಗಂಟಾಗಿ ದುಡ್ಡು ತೆಗೆಯುವುದು. ಎರಡು, ಅದೇ 10ಸಿ ನಮೂನೆಯಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳುವುದು. ಇಷ್ಟು ದಿನ ಸರ್ವಿಸ್ ಆಗಿದೆ, ಇಷ್ಟು ಸಂಬಳ ಇತ್ತು, ಕುಟುಂಬದಲ್ಲಿ ಇಂಥವರಿದ್ದಾರೆ ಎಂದು ಪಿಎಫ್ ಕಚೇರಿ ಬರೆದುಕೊಡುವ ಕಾಗದ ಅದು. ಮುಂದೆ ಪಿಎಫ್ ಇರುವ ಯಾವ ಕೆಲಸಕ್ಕೆ ಸೇರಿದರೂ ಹಳೆಯ ವರ್ಷಗಳು ಹೊಸ ವರ್ಷಗಳಿಗೆ ಕೂಡಿಕೊಳ್ಳುತ್ತವೆ. ನಡುವೆ ಎಷ್ಟು ವರ್ಷ ಮನೆಯಲ್ಲಿದ್ದಿರಿ ಎಂದು ಯಾರೂ ಕೇಳುವುದಿಲ್ಲ. ದುಡ್ಡು ತೆಗೆದರೆ ಮಾತ್ರ ಆ ವರ್ಷಗಳು ಅಳಿಸಿಹೋಗುತ್ತವೆ. ಮತ್ತೆ ಸೊನ್ನೆಯಿಂದ ಎಣಿಕೆ ಶುರು.

ದುಡ್ಡು ತೆಗೆದರೆ ಎಷ್ಟು ಬರುತ್ತದೆ? ಪಾಸ್‌ಬುಕ್‌ನ ಪೆನ್ಷನ್ ಕಲಂನಲ್ಲಿ ಕಾಣುವ ಮೊತ್ತ ಅಲ್ಲ. ಇದರಿಂದಾಗಿಯೇ ಎಷ್ಟೋ ಸಲ ನನ್ನ ಜೊತೆ ಜಗಳವಾಗಿದೆ. ಯೋಜನೆಯಲ್ಲಿ ಒಂದು ಕೋಷ್ಟಕವಿದೆ. ಕೆಲಸ ಬಿಟ್ಟಾಗಿನ ಸಂಬಳವನ್ನು ಅದರಲ್ಲಿರುವ ಅಂಕಿಯಿಂದ ಗುಣಿಸುತ್ತಾರೆ. 1 ವರ್ಷಕ್ಕೆ 1.02, 4 ವರ್ಷಕ್ಕೆ 3.99, 7 ವರ್ಷಕ್ಕೆ 7.13, 9 ವರ್ಷಕ್ಕೆ 9.33. ಸರ್ವಿಸ್ ಎಷ್ಟು ವರ್ಷವೋ ಹೆಚ್ಚುಕಡಿಮೆ ಅಷ್ಟು ತಿಂಗಳ ಸಂಬಳ ಎಂದು ನೆನಪಿಟ್ಟುಕೊಂಡರೆ ಸಾಕು. 2024ರ ಜೂನ್‌ವರೆಗೆ ಪೂರ್ತಿ ವರ್ಷಗಳನ್ನಷ್ಟೇ ಎಣಿಸುತ್ತಿದ್ದರು. ಈಗ ತಿಂಗಳುಗಳೂ ಲೆಕ್ಕಕ್ಕೆ ಬರುತ್ತವೆ. 15,000 ಸಂಬಳದಲ್ಲಿ 2 ವರ್ಷ 5 ತಿಂಗಳು ದುಡಿದವರಿಗೆ ಮೊದಲು 29,850 ರೂಪಾಯಿ ಸಿಗುತ್ತಿತ್ತು, ಈಗ 36,000. ಆರು ತಿಂಗಳೂ ತುಂಬದವರಿಗೆ ಹಿಂದೆ ಒಂದು ಪೈಸೆಯೂ ಸಿಗುತ್ತಿರಲಿಲ್ಲ, ಅದೂ ಬದಲಾಗಿದೆ.

ಇನ್ನು ಪಿಂಚಣಿಯ ಲೆಕ್ಕ. ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸರ್ವಿಸ್ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು, ಅಷ್ಟೇ. 15,000ಕ್ಕಿಂತ ಹೆಚ್ಚಿನ ಸಂಬಳ ಸಾಮಾನ್ಯವಾಗಿ ಇಲ್ಲಿ ಲೆಕ್ಕಕ್ಕಿಲ್ಲ. ಈ ಸೂತ್ರದಲ್ಲಿ ಒಂದು ಒಳ್ಳೆಯ ಗುಣವಿದೆ, ಅದನ್ನು ನಾವು ಗಮನಿಸುವುದಿಲ್ಲ. ಹೆಲ್ಪರ್ ಆಗಿ ಕಡಿಮೆ ಸಂಬಳಕ್ಕೆ ದುಡಿದ ಮೊದಲ ವರ್ಷಗಳಿಗೂ, ಟೈಲರ್ ಆಗಿ, ಲೈನ್ ನೋಡಿಕೊಳ್ಳುವವರಾಗಿ ಕೊನೆಗೆ ಪಡೆದ ಸಂಬಳದ ಬೆಲೆಯೇ ಬರುತ್ತದೆ. ದುಡ್ಡು ತೆಗೆದುಬಿಟ್ಟರೆ ಆ ವರ್ಷಗಳನ್ನು ಅಂದಿನ ಕಡಿಮೆ ಸಂಬಳಕ್ಕೇ ಮಾರಿದಂತಾಗುತ್ತದೆ.

ಒಬ್ಬರ ಲೆಕ್ಕ ಪೂರ್ತಿ ಹಾಕಿ ನೋಡೋಣ. ಈ ಅಕ್ಕನಿಗೆ 44 ವರ್ಷ. ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಕೆಲಸಕ್ಕೆ ಸೇರಿದವರು, ಒಂದೇ ಕಾರ್ಖಾನೆಯಲ್ಲಿ ಸರಿಯಾಗಿ 7 ವರ್ಷ. ಬಿಡುವಾಗ ಸಂಬಳ 10,500. ಪೆನ್ಷನ್ ದುಡ್ಡು ತೆಗೆದರೆ 10,500ಕ್ಕೆ 7.13 ಪಟ್ಟು, ಅಂದರೆ 74,865 ರೂಪಾಯಿ ಕೈಗೆ ಬರುತ್ತದೆ. ಅತ್ತೆಯ ಆರೈಕೆಗೆಂದು ಒಂದು ವರ್ಷ ಮನೆಯಲ್ಲಿದ್ದು, ಆಮೇಲೆ ಇನ್ನೊಂದು ಕಾರ್ಖಾನೆ ಸೇರಿ 8 ವರ್ಷ ದುಡಿದು, 53ಕ್ಕೆ ಬಿಡುತ್ತಾರೆ ಎನ್ನಿ. ಆಗಿನ ಸಂಬಳ 14,500, ಕೊನೆಯ 60 ತಿಂಗಳ ಸರಾಸರಿ 14,000.

ಮೊದಲ ಸಲ ದುಡ್ಡು ತೆಗೆದಿದ್ದರೆ ಎರಡನೇ ಸಲವೂ 10 ವರ್ಷ ಆಗಿರುವುದಿಲ್ಲ. ಮತ್ತೆ ಗಂಟೇ ಗತಿ: 14,500ಕ್ಕೆ 8.22 ಪಟ್ಟು, 1,19,190 ರೂಪಾಯಿ. ಎರಡೂ ಸೇರಿ 1,94,055. ಎರಡು ಸಲವೂ ಮುಟ್ಟದೆ ಸರ್ಟಿಫಿಕೇಟ್ ಇಟ್ಟುಕೊಂಡಿದ್ದರೆ ಸರ್ವಿಸ್ 15 ವರ್ಷ. 14,000 ಗುಣಿಸು 15, ಭಾಗಿಸು 70: ತಿಂಗಳಿಗೆ 3,000 ರೂಪಾಯಿ, 58ರಿಂದ ಬದುಕಿರುವವರೆಗೆ. ಪಿಂಚಣಿ ಶುರುವಾದ ಮೇಲೆ ಅವರು ತೀರಿಕೊಂಡರೆ ಗಂಡನಿಗೆ ಅರ್ಧ, 1,500 ರೂಪಾಯಿ ಮುಂದುವರಿಯುತ್ತದೆ.

"ವರ್ಷಕ್ಕೆ 36,000, ಐದೂವರೆ ವರ್ಷದಲ್ಲಿ ಗಂಟಿನ ದುಡ್ಡು ತೀರಿತಲ್ಲ, ಪಿಂಚಣಿಯೇ ಲಾಭ" ಎಂದು ಹೇಳುವವರಿದ್ದಾರೆ. ಆ ಲೆಕ್ಕ ಸರಿಯಲ್ಲ. ಅದನ್ನು ಹೇಳಿ ನಿಮ್ಮನ್ನು ಒಪ್ಪಿಸಲು ನನಗೆ ಮನಸ್ಸಿಲ್ಲ. ಗಂಟು ಮೊದಲೇ ಕೈಗೆ ಬರುತ್ತದೆ, ಪಿಂಚಣಿ 58ಕ್ಕೆ. ಎರಡೂ ಮೊತ್ತವನ್ನು ಬ್ಯಾಂಕಿನಲ್ಲಿ ಶೇ 7ರ ಠೇವಣಿ ಇಟ್ಟು, 58ರವರೆಗೆ ಒಂದು ರೂಪಾಯಿಯೂ ಮುಟ್ಟದಿದ್ದರೆ ಅದು ಸುಮಾರು 3.6 ಲಕ್ಷ ಆಗುತ್ತದೆ. ಅದರ ಬಡ್ಡಿ ತಿಂಗಳಿಗೆ 2,100. ಅಸಲನ್ನೂ ಕರಗಿಸುತ್ತಾ ತಿಂಗಳಿಗೆ 3,000 ತೆಗೆದುಕೊಂಡರೆ ಸುಮಾರು 75ನೇ ವಯಸ್ಸಿಗೆ ಮುಗಿದುಹೋಗುತ್ತದೆ. ಪಿಂಚಣಿ ಮುಗಿಯುವುದಿಲ್ಲ. ಇನ್ನೊಂದು ಕಡೆ, ಪಿಂಚಣಿಗೆ ಬೆಲೆಯೇರಿಕೆಯ ಲೆಕ್ಕ ಸೇರುವುದಿಲ್ಲ; ಇಂದಿನ 3,000 ಇಪ್ಪತ್ತು ವರ್ಷ ಕಳೆದರೂ 3,000ವೇ. ಅಸಲು ಮಕ್ಕಳಿಗೆ ಉಳಿಯುವುದೂ ಇಲ್ಲ.

ಹಾಗಾದರೆ ಈ ಅಕ್ಕನಿಗೆ ನಾನು ಏನು ಹೇಳುತ್ತೇನೆ? ಸರ್ಟಿಫಿಕೇಟ್ ಇಟ್ಟುಕೊಳ್ಳಿ ಎಂದೇ ಹೇಳುತ್ತೇನೆ. 74,865 ರೂಪಾಯಿ ಹದಿನಾಲ್ಕು ವರ್ಷ ಠೇವಣಿಯಲ್ಲಿ ಸುಮ್ಮನೆ ಕೂತದ್ದನ್ನು ನಾನು ನಮ್ಮ ಕೇರಿಯಲ್ಲಿ ಕಂಡಿಲ್ಲ. ಚೀಟಿಯ ಬಾಕಿ, ಕೈಸಾಲ, ಮಗಳ ಕಾಲೇಜಿನ ಫೀಸು, ಗಂಡನ ಆಟೋ ಕಂತು, ಎಲ್ಲವೂ ನ್ಯಾಯವಾದ ಖರ್ಚುಗಳೇ. ಆದರೆ ಅವುಗಳಿಗೆ ಪಿಎಫ್ ದುಡ್ಡು ಇದೆ. ಇವರಿಗೆ ಆಗಲೇ 7 ವರ್ಷ ಆಗಿದೆ, ಕೈಯಲ್ಲಿ ಕಸುಬಿದೆ, ಮತ್ತೆ ಲೈನಿಗೆ ಹೋಗುವುದು ಖಚಿತ. ಅರವತ್ತು ದಾಟಿದ ಮೇಲೆ ಔಷಧಿ ಅಂಗಡಿಗೆ ಹೋಗಲು ಮಗನ ಕೈ ನೋಡುವ ಹೆಂಗಸಿಗೆ ತಿಂಗಳಿಗೆ ಬರುವ 3,000 ಎಂದರೆ ಏನು ಎನ್ನುವುದು ನಿಮಗೇ ಗೊತ್ತು.

ಈಗ ಇನ್ನೊಬ್ಬಳನ್ನು ನೋಡಿ. 24ರ ತಂಗಿ, 4 ವರ್ಷ ದುಡಿದಿದ್ದಾಳೆ, ಸಂಬಳ 12,000. ಮದುವೆಯಾಗಿ ಊರಿಗೆ ಹೊರಟಿದ್ದಾಳೆ. ಗಂಡನ ಮನೆಯ ಹತ್ತಿರ ಕಾರ್ಖಾನೆಯೂ ಇಲ್ಲ, ಪಿಎಫ್ ಇರುವ ಕೆಲಸವೂ ಇಲ್ಲ. ಅವಳಿಗೆ ಈಗ ಸಿಗುವುದು 47,880. ಸರ್ಟಿಫಿಕೇಟ್ ಇಟ್ಟುಕೊಂಡು ಮತ್ತೆಂದೂ ಪಿಎಫ್ ಕೆಲಸಕ್ಕೆ ಸೇರದಿದ್ದರೆ, 58ಕ್ಕೆ ಅವಳಿಗೆ ಪಿಂಚಣಿ ಇಲ್ಲ, 10 ವರ್ಷ ಆಗಿಲ್ಲವಲ್ಲ. ಆಗ ಸಿಗುವುದೂ ಅದೇ ಗಂಟು, ಬಿಡುವಾಗಿನ ಅದೇ 12,000ದ ಲೆಕ್ಕದಲ್ಲಿ. ಮೂವತ್ತನಾಲ್ಕು ವರ್ಷಕ್ಕೆ ಬಡ್ಡಿ ಇಲ್ಲದೆ ಆ ದುಡ್ಡು ಕೂತಿರುತ್ತದೆ. ಇವಳಿಗೆ ತೆಗೆದುಕೋ ತಾಯಿ, ನಿನ್ನ ಹೆಸರಿನಲ್ಲೇ ಅಂಚೆ ಕಚೇರಿಯಲ್ಲಿ ಇಡು ಎಂದು ಹೇಳುವುದೇ ಸರಿ. ಪೆನ್ಷನ್ ದುಡ್ಡು ತೆಗೆಯುವುದೇ ದಡ್ಡತನ ಎಂದು ಸಭೆಗಳಲ್ಲಿ ಭಾಷಣ ಮಾಡುವವರು ಇಂಥವಳ ಲೆಕ್ಕ ಹಾಕಿ ನೋಡಿಲ್ಲ.

ಹಾಗಾಗಿ ನಾನು ಮೊದಲು ಕೇಳುವುದು ಎರಡೇ ಮಾತು: ನಿಮ್ಮ ವಯಸ್ಸೆಷ್ಟು? ಪಿಎಫ್ ಇರುವ ಕೆಲಸಕ್ಕೆ ಮತ್ತೆ ಸೇರುತ್ತೀರಾ? ನಲವತ್ತು ದಾಟಿ, ಮತ್ತೆ ಸೇರುವ ದಾರಿ ಇದ್ದವರು ಸರ್ವಿಸ್ ಉಳಿಸಿಕೊಳ್ಳಬೇಕು. ಚಿಕ್ಕ ವಯಸ್ಸಿನಲ್ಲಿ ಸ್ವಲ್ಪ ವರ್ಷ ದುಡಿದು ಈ ಕೆಲಸವನ್ನೇ ಬಿಟ್ಟು ಹೋಗುವವರು ತೆಗೆಯಬಹುದು. ನಡುವೆ ಇರುವವರು, ಮಗು ಶಾಲೆಗೆ ಸೇರಿದ ಮೇಲೆ ಬರಬಹುದೇನೋ ಎನ್ನುವವರು, ಈಗಲೇ ಏನನ್ನೂ ತೀರ್ಮಾನಿಸಬೇಕಾಗಿಲ್ಲ. ಅರ್ಜಿ ಹಾಕದೆ ಬಿಟ್ಟರೆ ಸರ್ವಿಸ್ ಎಲ್ಲಿಗೂ ಹೋಗುವುದಿಲ್ಲ.

ಕಾಯುವ ವಿಷಯದಲ್ಲಿ ಹೊಸ ಸುದ್ದಿ ಇದೆ. ಕೆಲಸ ಬಿಟ್ಟು 2 ತಿಂಗಳು ಕಳೆದರೆ ಪೆನ್ಷನ್ ದುಡ್ಡಿಗೆ ಅರ್ಜಿ ಹಾಕಬಹುದು ಎಂಬ ನಿಯಮವೇ ನಮಗೆಲ್ಲ ರೂಢಿ. ಆ ಅವಧಿಯನ್ನು 36 ತಿಂಗಳಿಗೆ ಏರಿಸುವ ನಿರ್ಧಾರವನ್ನು 2025ರ ಅಕ್ಟೋಬರ್ 13ರಂದು ಭವಿಷ್ಯ ನಿಧಿಯ ಕೇಂದ್ರೀಯ ಧರ್ಮದರ್ಶಿಗಳ ಮಂಡಳಿ ತೆಗೆದುಕೊಂಡಿದೆ. ಊರಿಗೆ ಹೋಗುವ ಆ ತಂಗಿಗೆ ಮೂರು ವರ್ಷ ಕಾಯುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. 2016ರಲ್ಲಿ ಕೇಳಿದ ಪ್ರಶ್ನೆಯನ್ನು ಈಗಲೂ ಕೇಳಬೇಕು. ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ಪಿಎಫ್ ಕಚೇರಿಯಲ್ಲಿ ವಿಚಾರಿಸಿಕೊಂಡೇ ಮುಂದುವರಿಯಿರಿ.

ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು 9 ವರ್ಷ ದಾಟಿದವರನ್ನು ಕಂಡಾಗ. 10 ವರ್ಷ ಎಂದು ನಾವು ಹೇಳುತ್ತೇವಾದರೂ ನಿಯಮದಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಆಗಿದ್ದರೆ ಅದನ್ನು ಪೂರ್ತಿ ವರ್ಷ ಎಂದು ಹಿಡಿಯುತ್ತಾರೆ, ಕಡಿಮೆ ಇದ್ದರೆ ಬಿಟ್ಟುಬಿಡುತ್ತಾರೆ. 9 ವರ್ಷ 6 ತಿಂಗಳು ಆದವರಿಗೆ 10 ವರ್ಷ ಆದಂತೆಯೇ. ಅಲ್ಲಿಂದಾಚೆ ಗಂಟಾಗಿ ದುಡ್ಡು ತೆಗೆಯಲು ಬರುವುದಿಲ್ಲ. ಅರ್ಜಿ ಹಾಕಿದರೆ ತಿರಸ್ಕಾರವಾಗುತ್ತದೆ. ನಿಮ್ಮ ಪಿಂಚಣಿ ಖಾಯಂ ಆಯಿತು, ಸರ್ಟಿಫಿಕೇಟ್ ತೆಗೆದುಕೊಳ್ಳಿ ಎಂದು ಆ ತಿರಸ್ಕಾರದ ಅರ್ಥ.

ಸೂಪರ್‌ವೈಸರ್ ಬೈದರೆಂದು ಒಬ್ಬ ಅಕ್ಕ 9 ವರ್ಷ 4 ತಿಂಗಳಿಗೆ ಕೆಲಸ ಬಿಟ್ಟು, ಸೈಬರ್ ಸೆಂಟರ್‌ನಲ್ಲಿ 10ಸಿ ಹಾಕಿಸಿ, ದುಡ್ಡು ಬಂದ ಮೇಲೆ ನನ್ನ ಬಳಿ ಬಂದರು. ಒಂದು ಲಕ್ಷದ ಮೇಲೆ ಬಂದಿತ್ತು. ಇನ್ನು ಎರಡೇ ತಿಂಗಳು, ಎಲ್ಲಾದರೂ ಪಿಎಫ್ ಇರುವ ಕಡೆ ಸೇರಿಕೊಂಡಿದ್ದರೆ ಸಾಯುವವರೆಗೆ ಪಿಂಚಣಿ ಇತ್ತು ಎಂದಾಗ ಅವರು ಕೇಳಿದ್ದು, "ವಾಪಸ್ ಕಟ್ಟಿದರೆ ಆಗಲ್ವಾ?" ಎಂದು. ಆ ದುಡ್ಡು ವಾಪಸ್ ಕಟ್ಟಿ ಸರ್ವಿಸ್ ಮರಳಿ ಪಡೆಯುವ ದಾರಿ ಇರಲಿಲ್ಲ. ಅರ್ಜಿ ತುಂಬಿದ ಹುಡುಗನಿಗೆ ಈ ನಿಯಮ ಗೊತ್ತಿರಲಿಲ್ಲ, ಅವನು ಕೇಳಿದ್ದನ್ನು ಮಾಡಿಕೊಟ್ಟಿದ್ದ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಿಮ್ಮ ಲೆಕ್ಕದಲ್ಲಿ 9 ವರ್ಷ 7 ತಿಂಗಳು ಇರಬಹುದು, ಪಿಎಫ್ ಕಚೇರಿಯ ಲೆಕ್ಕದಲ್ಲಿ ಅಷ್ಟು ಇರಲಿಕ್ಕಿಲ್ಲ. ಸಂಬಳವಿಲ್ಲದ ರಜೆಯ ದಿನಗಳನ್ನು, ಅಂದರೆ ವಂತಿಗೆ ಕಟ್ಟದ ದಿನಗಳನ್ನು, ಸರ್ವಿಸ್‌ನಿಂದ ಕಳೆಯುತ್ತಾರೆ. ಹಬ್ಬಕ್ಕೆ ಊರಿಗೆ ಹೋಗಿ ತಿಂಗಳು ಕಳೆದು ಬಂದದ್ದು, ಮಗುವಿಗೆ ಹುಷಾರಿಲ್ಲವೆಂದು ಬಿಟ್ಟ ವಾರಗಳು ಎಲ್ಲ ಅಲ್ಲಿ ಸೇರಿ ಎರಡು ಮೂರು ತಿಂಗಳು ಆಗಿರಬಹುದು. 9 ವರ್ಷದ ಆಸುಪಾಸಿನಲ್ಲಿರುವವರು ರಾಜೀನಾಮೆ ಕೊಡುವ ಮುಂಚೆಯೇ ಇದನ್ನು ಎಣಿಸಿಕೊಳ್ಳಬೇಕು.

ಎಣಿಸುವುದು ಹೇಗೆ? ನಿಮ್ಮ ಯುಎಎನ್ ಹಾಕಿ ಸದಸ್ಯರ ಪೋರ್ಟಲ್ ತೆರೆದರೆ `Service History` ಎಂದು ಇರುತ್ತದೆ. ಅಲ್ಲಿ ಒಂದೊಂದು ಕಾರ್ಖಾನೆಗೆ ಒಂದೊಂದು ಸಾಲು, ಸೇರಿದ ದಿನ, ಬಿಟ್ಟ ದಿನ. ನೀವು ದುಡಿದ ಎಲ್ಲ ಕಾರ್ಖಾನೆಗಳೂ ಅಲ್ಲಿವೆಯೇ ನೋಡಿ. ಒಂದು ಕಾಣಿಸದಿದ್ದರೆ, ಹೊಸ ಕಾರ್ಖಾನೆಯವರು ಹಳೆಯ ಯುಎಎನ್ ಕೇಳದೆ ಹೊಸದೊಂದು ಮಾಡಿರುವ ಸಾಧ್ಯತೆ ಇದೆ. ಆಗ ನಿಮ್ಮ 11 ವರ್ಷ, 6 ಮತ್ತು 5 ಎಂದು ಒಡೆದುಹೋಗಿರುತ್ತದೆ. ಎರಡೂ ಕಡೆ ಪಿಂಚಣಿಗೆ ಸಾಲದು ಎಂದೇ ತೋರುತ್ತದೆ. ಹಳೆಯದನ್ನು ಹೊಸದಕ್ಕೆ ವರ್ಗಾಯಿಸಿಕೊಂಡರೆ ಎರಡೂ ಕೂಡುತ್ತವೆ. ಬಿಟ್ಟ ದಿನ ಖಾಲಿ ಇದ್ದರೆ 10ಸಿ ಅರ್ಜಿ ಮುಂದೆ ಹೋಗುವುದಿಲ್ಲ. ಹಳೆಯ ಮಾಲೀಕರು ಹಾಕದಿದ್ದರೆ, ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ `Mark Exit` ನಲ್ಲಿ ನೀವೇ ಹಾಕಬಹುದು.

ಒಂದು ಕಾರ್ಖಾನೆ ಬಿಟ್ಟು ನೇರವಾಗಿ ಇನ್ನೊಂದಕ್ಕೆ ಸೇರುವವರಿಗೆ ಸರ್ಟಿಫಿಕೇಟಿನ ಅಗತ್ಯವೂ ಇಲ್ಲ, ವರ್ಗಾವಣೆ ಸಾಕು. ವರ್ಗಾವಣೆ ಆದಮೇಲೆ ಹೊಸ ಪಾಸ್‌ಬುಕ್‌ನಲ್ಲಿ ಹಳೆಯ ಪೆನ್ಷನ್ ಮೊತ್ತ ಕಾಣುವುದಿಲ್ಲ. ಅದನ್ನು ನೋಡಿ ದುಡ್ಡು ಹೋಯಿತೆಂದು ಗಾಬರಿಯಾಗಿ ಫೋನ್ ಮಾಡುತ್ತೀರಿ. ಹೋಗಿಲ್ಲ. ಪಿಎಫ್‌ನಲ್ಲಿ ದುಡ್ಡು ವರ್ಗವಾಗುತ್ತದೆ, ಪಿಂಚಣಿಯಲ್ಲಿ ಸರ್ವಿಸ್ ವರ್ಗವಾಗುತ್ತದೆ, ಅಷ್ಟೇ ವ್ಯತ್ಯಾಸ.

ನಡುವೆ ಮನೆಯಲ್ಲಿರುವವರು ಉಮಂಗ್ ಆ್ಯಪ್‌ನಲ್ಲೂ ಸ್ಕೀಮ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಬಹುದು, ಕಾಗದದ 10ಸಿ ನಮೂನೆಯಲ್ಲೂ ಕೇಳಬಹುದು. ಕುಟುಂಬದವರ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿರುವ ಹಾಗೇ ಬರೆಸಿ. ಗಂಡನಿಗೆ, ಮಕ್ಕಳಿಗೆ ಪಿಂಚಣಿ ಬರುವಾಗ ನೋಡುವುದು ಅದನ್ನೇ. ಮತ್ತೆ ಕೆಲಸಕ್ಕೆ ಸೇರಿದ ದಿನ ಕಾರ್ಖಾನೆಯವರು 11ನೇ ನಮೂನೆ ತುಂಬಿಸಿಕೊಳ್ಳುತ್ತಾರೆ. ಅದರಲ್ಲಿ ಸ್ಕೀಮ್ ಸರ್ಟಿಫಿಕೇಟ್ ಸಂಖ್ಯೆಗೆ ಜಾಗ ಇದೆ. ಗೇಟಿನ ಬಳಿ ಅವಸರದಲ್ಲಿ ಖಾಲಿ ನಮೂನೆಗೆ ಸಹಿ ಹಾಕಿಸಿಕೊಳ್ಳುವ ಅಭ್ಯಾಸ ಎಷ್ಟೋ ಕಡೆ ಇದೆ. ಆ ಒಂದು ಜಾಗವನ್ನಾದರೂ ನೀವೇ ತುಂಬಿ ಸಹಿ ಹಾಕಿ.

ಈಗಾಗಲೇ ದುಡ್ಡು ತೆಗೆದವರಿಗೂ ಒಂದು ಮಾತು. ಪಿಎಫ್ ತೆಗೆಯುವ ಅರ್ಜಿ 19, ಪೆನ್ಷನ್ ತೆಗೆಯುವ ಅರ್ಜಿ 10ಸಿ, ಎರಡೂ ಬೇರೆ. ಹಳೆಯ ಕಾರ್ಖಾನೆಯ ದುಡ್ಡು ತೆಗೆದಾಗ ನಿಮ್ಮ ಬ್ಯಾಂಕಿಗೆ ಒಂದೇ ಮೊತ್ತ ಬಂದಿದ್ದರೆ, 19 ಮಾತ್ರ ಹಾಕಿರಬಹುದು. ಹಾಗಿದ್ದರೆ ಆ ಕಾರ್ಖಾನೆಯ ಪಿಂಚಣಿ ಸರ್ವಿಸ್ ಇನ್ನೂ ಜೀವಂತವಾಗಿದೆ. ಹತ್ತು ಹನ್ನೆರಡು ವರ್ಷ ಹಿಂದಿನದಾದರೂ ಸರಿ, ಆ ಅವಧಿಗೆ ಸರ್ಟಿಫಿಕೇಟ್ ಕೇಳಿ, ಈಗಿನ ಸರ್ವಿಸ್‌ಗೆ ಕೂಡಿಸಿಕೊಳ್ಳಿ. ಹಳೆಯ ಬ್ಯಾಂಕ್ ಪುಸ್ತಕ, ಹಳೆಯ ಪಿಎಫ್ ಸಂಖ್ಯೆ ಇರುವ ಯಾವುದಾದರೂ ಸಂಬಳದ ಚೀಟಿ, ಆಧಾರ್, ಇಷ್ಟನ್ನು ಹುಡುಕಿ ಇಟ್ಟುಕೊಂಡು ಪಿಎಫ್ ಕಚೇರಿಗೆ ಹೋಗಿ. 10ಸಿ ಹಾಕಿದ್ದಾರೋ ಇಲ್ಲವೋ ಎಂದು ಅವರು ದಾಖಲೆ ನೋಡಿ ಹೇಳಬೇಕು. ಬಾಯಿಮಾತಿನಲ್ಲಿ "ಎಲ್ಲಾ ಸೆಟಲ್ ಆಗಿದೆ" ಎಂದರೆ ಒಪ್ಪಿಕೊಳ್ಳಬೇಡಿ, ಯಾವ ತಾರೀಖಿನಲ್ಲಿ ಎಷ್ಟು ಪೆನ್ಷನ್ ದುಡ್ಡು ಕೊಟ್ಟಿದ್ದೀರಿ ಎಂದು ಕೇಳಿ, ಬರೆದು ಕೊಡಿಸಿಕೊಳ್ಳಿ.

ಇಂತಿ ನಿಮ್ಮ,
ಪಿಎಫ್ ಅರ್ಜಿ ತುಂಬಿಕೊಡುವ ಸಹೋದ್ಯೋಗಿ